ಹೊಸ ಮಾಲಿಗೆ ಅಂಗಡಿ ಹುಡುಕುವಾಗ ಮೊದಲ ಪತ್ರ ಹೇಗಿರಬೇಕು?



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಅನೇಕ ಮನೆಗಳಲ್ಲಿ ಈಗ ತೋಟದ ಬೆಳೆಯಿಂದ ಏನಾದರೊಂದು ತಯಾರಿಸಿ ಮಾರುವ ಪ್ರಯತ್ನ ನಡೆದಿದೆ. ಮಾಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತೊಂದರೆ ಬರುವುದು ಅದನ್ನು ಅಂಗಡಿಗೆ ಮುಟ್ಟಿಸುವಲ್ಲಿ. ಹೊಸ ಮಾಲಿಗೆ ಯಾವ ಅಂಗಡಿಕಾರರೂ ಮುಂಗಡ ಹಣ ಕೊಡುವುದಿಲ್ಲ. "ಇಟ್ಟು ಹೋಗಿ, ಕಾಂಬ" ಎನ್ನುತ್ತಾರೆ. ನಾವು ಇಟ್ಟು ಬರುತ್ತೇವೆ. ಎಷ್ಟು ಇಟ್ಟೆವು, ಹಣ ಯಾವಾಗ ಬರುತ್ತದೆ, ಉಳಿದದ್ದು ಯಾರದು, ಒಡೆದದ್ದು ಯಾರ ಲೆಕ್ಕಕ್ಕೆ ಎಂಬ ಮಾತು ಮಾತ್ರ ಬಾಯಲ್ಲಿಯೇ ಉಳಿಯುತ್ತದೆ. ಎರಡು ತಿಂಗಳ ನಂತರ ಹೋದರೆ ನಮ್ಮ ಲೆಕ್ಕವೇ ಬೇರೆ, ಅವರ ಲೆಕ್ಕವೇ ಬೇರೆ.

ಮಾಲನ್ನು ಅಂಗಡಿಯಲ್ಲಿಟ್ಟು, ಮಾರಿದಷ್ಟಕ್ಕೆ ಮಾತ್ರ ಹಣ ಪಡೆದು, ಉಳಿದದ್ದನ್ನು ಹಿಂದಕ್ಕೆ ತರುವ ಕ್ರಮಕ್ಕೆ ವ್ಯಾಪಾರದಲ್ಲಿ ಕನ್‌ಸೈನ್‌ಮೆಂಟ್ ಎನ್ನುತ್ತಾರೆ. "ಮಾರಿದ ಮೇಲೆ ಹಣ" ಎಂದರೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಇದು ನಮ್ಮ ಕಡೆ ಹೊಸದೇನೂ ಅಲ್ಲ. ಅಡಿಕೆಯನ್ನು ಮಂಡಿಗೆ ಹಾಕಿ, ಮಾರಾಟವಾದ ಮೇಲೆ ಕಮಿಷನ್ ಕಳೆದು ಹಣ ತರುತ್ತಿದ್ದ ಪದ್ಧತಿ ಹಿರಿಯರಿಗೆಲ್ಲ ಗೊತ್ತು. ಆದರೆ ಅಡಿಕೆಗೆ ಎಲ್ಲರಿಗೂ ತಿಳಿದ ಪೇಟೆ ಧಾರಣೆಯಿತ್ತು, ಕೊಳ್ಳುವವರು ನಿಶ್ಚಿತವಾಗಿದ್ದರು. ಶಂಕರಪುರ ಮಲ್ಲಿಗೆಗೂ ಹಾಗೆಯೇ. ಅಟ್ಟೆಗೆ ಇಂದಿನ ದರ ಇಷ್ಟು ಎಂದು ದಿನವೂ ಗೊತ್ತಾಗುವುದರಿಂದ ಅಲ್ಲಿ ಪತ್ರ ಬರೆಯುವ ಅಗತ್ಯವಿಲ್ಲ. ಹೊಸ ಮಾಲಿಗೆ ಧಾರಣೆಯೂ ಇಲ್ಲ, ಗಿರಾಕಿಯೂ ಇಲ್ಲ. ಆದ್ದರಿಂದ ಅದರ ಮೊದಲ ಪತ್ರವೇ ಅದರ ಕರಾರೂ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಮಾಲಿನ ಗುಣಗಾನಕ್ಕೆ ಎರಡು ವಾಕ್ಯ ಸಾಕು. ಉಳಿದ ಜಾಗವನ್ನೆಲ್ಲ ನಷ್ಟ ಯಾರದು ಎಂಬ ಪ್ರಶ್ನೆಗೆ ಮೀಸಲಿಡಬೇಕು.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಬೈಂದೂರು ತಾಲೂಕಿನ ಜಡ್ಕಲ್ ಕಡೆಯ ಒಂದು ಮನೆಯವರು ಪುನರ್ಪುಳಿ ಶರಬತ್ತು ತಯಾರಿಸುತ್ತಾರೆ ಎಂದಿಟ್ಟುಕೊಳ್ಳಿ. ಮುರುಗಲು ಎಂದೂ ಕರೆಯುವ ಈ ಹಣ್ಣು ಮುಖ್ಯವಾಗಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸಿಗುತ್ತದೆ. ಮಳೆ ಹಿಡಿಯಿತೆಂದರೆ ಹಣ್ಣು ಕೊಳೆಯುತ್ತದೆ. ತಂಪು ಪಾನೀಯದ ಗಿರಾಕಿಯೂ ಅದೇ ಹೊತ್ತಿಗೆ ಇಳಿಯುತ್ತದೆ. ಹಣ್ಣು ಕೊಯ್ದ ಭರದಲ್ಲಿ ಶರಬತ್ತು ಮಾಡಿ ಜೂನ್ ತಿಂಗಳಲ್ಲಿ ಅಂಗಡಿಗೆ ಒಯ್ದರೆ ಅದು ಮಳೆಗಾಲವೆಲ್ಲ ಕಪಾಟಿನಲ್ಲಿ ಕೂರುತ್ತದೆ. ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ ತೇವ ತಾಗದಂತೆ ಕಟ್ಟಿಟ್ಟು, ಜನವರಿಯಲ್ಲಿ ಪತ್ರ ಬರೆದು, ಫೆಬ್ರವರಿಯಿಂದ ಸ್ವಲ್ಪ ಸ್ವಲ್ಪವಾಗಿ ಶರಬತ್ತು ತಯಾರಿಸಿ ಕೊಡುವುದು ಮೇಲು. ಪತ್ರ ಬರೆಯುವ ತಿಂಗಳೂ ವ್ಯಾಪಾರದ ಒಂದು ಭಾಗವೇ.

ಪತ್ರ ಬರೆಯುವ ಮುನ್ನ ನಮ್ಮ ಮಾಲು ಎಲ್ಲಿ, ಹೇಗೆ ಕೆಡುತ್ತದೆ ಎಂಬುದು ನಮಗೆ ಗೊತ್ತಿರಬೇಕು. ಪುನರ್ಪುಳಿ ಶರಬತ್ತು ಎರಡು ರೀತಿಯಲ್ಲಿ ಕೆಡುತ್ತದೆ. ಸಕ್ಕರೆಯ ಅಂಶ ಕಡಿಮೆಯಾದರೆ ಅಥವಾ ಬಾಟಲಿ ಒದ್ದೆಯಿದ್ದರೆ ಹುಳಿಯೇಳುತ್ತದೆ. ಮುಚ್ಚಳ ಬಿಗಿಯಾಗಿ ಉಬ್ಬುವುದು, ತೆರೆದಾಗ ಬುಸ್ಸೆನ್ನುವುದು, ಮೇಲೆ ನೊರೆ ಕಟ್ಟುವುದು ಇದರ ಗುರುತು. ಇದು ತಯಾರಕರ ದೋಷ. ಎರಡನೆಯದು ಬಣ್ಣ ಹೋಗುವುದು. ಈ ಹಣ್ಣಿನ ಕೆಂಪು ಬಿಸಿಲು ಮತ್ತು ಸೆಕೆಗೆ ನಿಲ್ಲುವುದಿಲ್ಲ. ರಸ್ತೆಗೆ ಮುಖಮಾಡಿದ ಗಾಜಿನ ಕಪಾಟಿನಲ್ಲಿ ಮಧ್ಯಾಹ್ನದ ಬಿಸಿಲು ಬೀಳುವಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಕೆಂಪು ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ. ಕುಡಿದರೆ ಅಪಾಯವಿಲ್ಲದಿದ್ದರೂ ಗಿರಾಕಿ ಅದನ್ನು ಹಳೆಯ ಮಾಲೆಂದು ಮುಟ್ಟುವುದಿಲ್ಲ. ಅಂಗಡಿಕಾರರು ಮಾಲು ಚಂದ ಕಾಣಲೆಂದು ಇಡುವ ಜಾಗವೇ ಅದನ್ನು ಕೆಡಿಸುವ ಜಾಗವೂ ಆಗಬಹುದು. ಆದ್ದರಿಂದ ಎಲ್ಲಿಡಬೇಕು ಎಂಬುದನ್ನು ಪತ್ರದಲ್ಲಿಯೇ ಬರೆಯಬೇಕು. ಪ್ರತಿ ಸಲ ತಯಾರಿಸಿದಾಗಲೂ ಎರಡು ಬಾಟಲಿಗಳನ್ನು ಮನೆಯ ಕತ್ತಲೆ ಮೂಲೆಯಲ್ಲಿ ಮಾದರಿಯಾಗಿ ಇಟ್ಟುಕೊಳ್ಳಿ. ಅಂಗಡಿಯಿಂದ ಬಂದ ಬಾಟಲಿ ಕಂದಾಗಿದ್ದು ಮನೆಯದು ಕೆಂಪಾಗಿಯೇ ಇದ್ದರೆ ದೋಷ ಇಟ್ಟ ಜಾಗದ್ದು. ಎರಡೂ ಕೆಟ್ಟಿದ್ದರೆ ದೋಷ ನಮ್ಮ ತಯಾರಿಕೆಯದು.

ಇನ್ನು ಅಂಗಡಿಕಾರರ ಕಡೆಯಿಂದ ಯೋಚಿಸೋಣ. ಅವರಿಗೆ ಇರುವ ದೊಡ್ಡ ಹೆದರಿಕೆ ಮಾಲು ಮಾರದೆ ಉಳಿದೀತು ಎಂಬುದಲ್ಲ. ಹೇಗೂ ಹಣ ಕೊಟ್ಟಿರುವುದಿಲ್ಲವಲ್ಲ. ಆಹಾರ ಸುರಕ್ಷತಾ ಅಧಿಕಾರಿ ಬಂದು ಮಾದರಿ ತೆಗೆದರೆ ಉತ್ತರ ಕೊಡಬೇಕಾದವರು ತಾವು ಎಂಬುದೇ ಅವರ ಹೆದರಿಕೆ. ಇಲ್ಲಿ ಅನೇಕರ ಗಮನಕ್ಕೆ ಬಾರದ ಒಂದು ಸೂಕ್ಷ್ಮವಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ 26ನೇ ಕಲಮಿನಂತೆ ಆಹಾರ ಪದಾರ್ಥವನ್ನು ವ್ಯಾಪಾರಿಗೆ ಕೊಡುವವರು ಅದರ ಗುಣಮಟ್ಟದ ಬಗ್ಗೆ ಲಿಖಿತ ಭರವಸೆ ಕೊಡಬೇಕು. ಮಾಲು ಮಾರಿ ಬಿಲ್ ಕೊಟ್ಟರೆ ಆ ಬಿಲ್ಲೇ ಭರವಸೆ ಎಂದು ಕಾಯಿದೆ ಒಪ್ಪುತ್ತದೆ. ಆದರೆ "ಮಾರಿದ ಮೇಲೆ ಹಣ" ಎಂಬ ಕ್ರಮದಲ್ಲಿ ಮಾಲು ಇಡುವ ದಿನ ಬಿಲ್ ಆಗಿರುವುದೇ ಇಲ್ಲ. ಅಂದರೆ ಅಂಗಡಿಕಾರರ ಕೈಯಲ್ಲಿ ಯಾವ ಆಧಾರವೂ ಇರುವುದಿಲ್ಲ. ಈ ಭರವಸೆಗೆಂದು 2011ರ ನಿಯಮಾವಳಿಯಲ್ಲಿ ಫಾರಂ 'ಇ' ಎಂಬ ನಮೂನೆ ಬಂದಿದೆ. ಅದನ್ನು ತುಂಬಿ, ಸಹಿ ಹಾಕಿ, ನಮ್ಮ ನೋಂದಣಿ ಪತ್ರದ ಪ್ರತಿಯೊಂದಿಗೆ ಮೊದಲ ಪತ್ರಕ್ಕೆ ಲಗತ್ತಿಸಿದರೆ ಅಂಗಡಿಕಾರರ ಅರ್ಧ ಸಂಶಯ ಅಲ್ಲಿಯೇ ಕರಗುತ್ತದೆ. ನೋಂದಣಿಯೇ ಇಲ್ಲದವರು ಪತ್ರ ಬರೆಯುವುದಕ್ಕೆ ಮೊದಲು ನೋಂದಣಿ ಮಾಡಿಸಿಕೊಳ್ಳಬೇಕು. ಬಾಟಲಿಯ ಚೀಟಿಯ ಮೇಲೆ 14 ಅಂಕಿಗಳ ಆ ಸಂಖ್ಯೆ, ಸೇರಿಸಿದ ಪದಾರ್ಥಗಳು, ತಯಾರಿಸಿದ ದಿನ, ಬಳಕೆಯ ಅವಧಿ, ಬ್ಯಾಚ್ ಸಂಖ್ಯೆ, ಅಳತೆ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಇವು ಇರಲೇಬೇಕು. ಚೀಟಿಯಲ್ಲಿ ಬೇರೆ ಏನೇನು ಬೇಕು ಎಂಬುದನ್ನು ಅಚ್ಚು ಹಾಕಿಸುವ ಮೊದಲೇ ವಿಚಾರಿಸಿಕೊಳ್ಳಿ. ತಯಾರಿಕೆಯ ವಿಷಯದಲ್ಲಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆಯಬಹುದು.

ಮಾಲು ಯಾರದು ಎಂಬ ಪ್ರಶ್ನೆ ಇದಕ್ಕಿಂತಲೂ ಮುಖ್ಯ. ಸರಕು ಮಾರಾಟ ಕಾಯಿದೆ, 1930ರ 24ನೇ ಕಲಮು "ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಹಿಂದಿರುಗಿಸಿ" ಎಂಬ ಷರತ್ತಿನ ಮೇಲೆ ಕೊಟ್ಟ ಮಾಲಿನ ಬಗ್ಗೆ ಹೇಳುತ್ತದೆ. ಹಿಂದಿರುಗಿಸಲು ಗಡುವು ಹಾಕಿದ್ದು, ಆ ಗಡುವು ಕಳೆದರೂ ಬೇಡವೆಂದು ತಿಳಿಸದೆ ಮಾಲನ್ನು ಇಟ್ಟುಕೊಂಡರೆ ಅದು ಅವರದಾಗುತ್ತದೆ, ಹಣ ಕೊಡಬೇಕಾಗುತ್ತದೆ. ಗಡುವು ಹಾಕದಿದ್ದರೆ "ಯುಕ್ತ ಕಾಲ" ಎಂಬ ಮಾತು ಬರುತ್ತದೆ. ಯುಕ್ತ ಕಾಲ ಎಂದರೆ ಒಂದು ತಿಂಗಳೋ ಆರು ತಿಂಗಳೋ ಎಂದು ವಾದ ಮಾಡುತ್ತ ಕೂರಬೇಕಾಗುತ್ತದೆ. ಸಾವಿರ ರೂಪಾಯಿಯ ಶರಬತ್ತಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಹತ್ತಲೂಬಾರದು. ಆದರೆ ಪತ್ರದಲ್ಲಿ ತಾರೀಕು ಇದ್ದರೆ ಆ ಮಾತು ಹುಟ್ಟುವುದೇ ಇಲ್ಲ. ಹಾಗೆಯೇ "ಮಾರಾಟವಾಗುವ ತನಕ ಮಾಲು ನಮ್ಮದೇ" ಎಂಬ ವಾಕ್ಯ ಸ್ಪಷ್ಟವಾಗಿ ಇರಬೇಕು. ಅಂಗಡಿ ಕೈಬದಲಾದರೆ ಅಥವಾ ಸಾಲದಲ್ಲಿ ಮುಚ್ಚಿದರೆ ಕಪಾಟಿನಲ್ಲಿರುವ ನಮ್ಮ ಬಾಟಲಿಗಳು ನಮ್ಮವೆಂದು ತೋರಿಸಲು ಬೇರೆ ಆಧಾರ ಇರುವುದಿಲ್ಲ.

ಅಂಗಡಿಯವರ ಪಾಲನ್ನು ಪರ್ಸೆಂಟಿನಲ್ಲಿ ಬರೆಯದೆ ರೂಪಾಯಿಯಲ್ಲಿ ಬರೆಯಿರಿ. 200 ರೂಪಾಯಿಯ ಬಾಟಲಿಗೆ "ಶೇಕಡಾ 25" ಎಂದರೆ ನಾವು ನಮಗೆ ಬರುವ 160 ರೂಪಾಯಿಯ ಮೇಲೆ ಶೇಕಡಾ 25, ಅಂದರೆ 40 ರೂಪಾಯಿ ಎಂದು ತಿಳಿದಿರುತ್ತೇವೆ. ಅವರು ಮಾರುವ 200ರ ಮೇಲೆ ಶೇಕಡಾ 25, ಅಂದರೆ 50 ರೂಪಾಯಿ ಎಂದು ತಿಳಿದಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಬಾಟಲಿಗೆ ಹತ್ತು ರೂಪಾಯಿಯ ಜಗಳ ಉಳಿಯುತ್ತದೆ.

ಈಗ ಪತ್ರದ ಒಂದು ನಮೂನೆಯನ್ನು ಕೊಡುತ್ತೇನೆ. ಇದನ್ನು ತಮ್ಮ ಮಾಲಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

"ಮಾಲೀಕರಿಗೆ, (ಅಂಗಡಿಯ ಹೆಸರು), ಬೈಂದೂರು.

ಮಾನ್ಯರೇ,

ನಾವು ಜಡ್ಕಲ್ ಗ್ರಾಮದ ಕೃಷಿಕರು. ನಮ್ಮ ತೋಟದ ಪುನರ್ಪುಳಿ ಸಿಪ್ಪೆಯಿಂದ ಶರಬತ್ತು ತಯಾರಿಸಿ 700 ಮಿ.ಲೀ. ಬಾಟಲಿಗಳಲ್ಲಿ ತುಂಬಿದ್ದೇವೆ. ಒಂದು ಪಾಲಿಗೆ ಐದು ಪಾಲು ನೀರು ಸೇರಿಸಿದರೆ ಒಂದು ಬಾಟಲಿಯಿಂದ ಸುಮಾರು 20 ಲೋಟ ಪಾನೀಯವಾಗುತ್ತದೆ. ರುಚಿ ನೋಡಲು ಒಂದು ಬಾಟಲಿಯನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇವೆ. ಅದಕ್ಕೆ ಹಣವಿಲ್ಲ.

ತಾವು ಒಪ್ಪಿದರೆ ಫೆಬ್ರವರಿ 1ರಂದು 12 ಬಾಟಲಿಗಳನ್ನು ತಮ್ಮಲ್ಲಿ ಇಡುತ್ತೇವೆ. ಈಗ ಹಣ ಕೊಡಬೇಕಾಗಿಲ್ಲ. ಮಾರಾಟವಾಗುವ ತನಕ ಮಾಲು ನಮ್ಮದೇ. ಮಾರಾಟ ಬೆಲೆ 200 ರೂಪಾಯಿ. ಮಾರಿದ ಪ್ರತಿ ಬಾಟಲಿಗೆ ತಮ್ಮ ಪಾಲು 40 ರೂಪಾಯಿ, ನಮಗೆ ಕೊಡಬೇಕಾದದ್ದು 160 ರೂಪಾಯಿ. ಹದಿನೈದು ದಿನಕ್ಕೊಮ್ಮೆ ನಾವೇ ಬಂದು ಬಾಟಲಿ ಎಣಿಸಿ, ಮಾರಿದಷ್ಟಕ್ಕೆ ಬಿಲ್ ಕೊಟ್ಟು ಹಣ ಪಡೆಯುತ್ತೇವೆ.

ಬಾಟಲಿಗಳನ್ನು ಬಿಸಿಲು ಬೀಳದ ಕಪಾಟಿನಲ್ಲಿ ಇಡಬೇಕಾಗಿ ವಿನಂತಿ. ಕೆಟ್ಟ ಅಥವಾ ಬಣ್ಣ ಹೋದ ಬಾಟಲಿಗಳ ನಷ್ಟ ನಮ್ಮದು. ಅವುಗಳನ್ನು ತೆಗೆದಿಟ್ಟು ನಮಗೆ ತೋರಿಸಿದರೆ ಸಾಕು. ಅಂಗಡಿಯಲ್ಲಿ ಒಡೆದ ಅಥವಾ ಎಣಿಕೆಗೆ ಸಿಗದ ಬಾಟಲಿಗಳನ್ನು ಮಾರಿದಂತೆ ಲೆಕ್ಕ ಹಿಡಿಯಬೇಕು.

ಈ ಏರ್ಪಾಡು ಮಾರ್ಚ್ 2ರ ತನಕ ಮಾತ್ರ. ಅಂದು ಉಳಿದದ್ದನ್ನೆಲ್ಲ ನಮ್ಮ ಖರ್ಚಿನಲ್ಲಿ ಹಿಂದಕ್ಕೆ ಒಯ್ಯುತ್ತೇವೆ. ಮುಂದುವರಿಸುವುದಾದರೆ ಇಬ್ಬರೂ ಸೇರಿ ಹೊಸದಾಗಿ ಬರೆಯೋಣ. ನೋಂದಣಿ ಪತ್ರದ ಪ್ರತಿ ಮತ್ತು ಗುಣಮಟ್ಟದ ಭರವಸೆ ಪತ್ರ ಲಗತ್ತಿಸಿದೆ. ತಮಗೆ ಒಪ್ಪಿಗೆಯಾದರೆ ಎರಡನೇ ಪ್ರತಿಗೆ ಸಹಿ ಮಾಡಿ ಕೊಡಬೇಕಾಗಿ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ, (ಸಹಿ, ವಿಳಾಸ, ಫೋನ್)."

ಒಂದು ಪುಟದಲ್ಲಿ ಮುಗಿಯುವ ಪತ್ರವಿದು. ಫೋನಿನಲ್ಲಿ ಸಂದೇಶ ಕಳುಹಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಪರಿಚಯಕ್ಕೆ ಸಾಕು. ಆದರೆ ಕಾಗದದ ಎರಡು ಪ್ರತಿ ಮಾಡಿ, ಅಂಗಡಿಕಾರರ ಕೈಗೇ ಕೊಟ್ಟು, ಒಂದಕ್ಕೆ ಸಹಿ ಪಡೆಯುವುದರಲ್ಲಿ ಬೇರೆ ಲಾಭವಿದೆ. ಸಹಿ ಹಾಕುವ ಮೊದಲು ಅವರು ಓದುತ್ತಾರೆ, ಒಪ್ಪದ ಮಾತನ್ನು ಅಲ್ಲಿಯೇ ಹೇಳುತ್ತಾರೆ. "ಒಡೆದದ್ದು ನನ್ನ ಲೆಕ್ಕಕ್ಕೆ ಆಗದು" ಎಂದರೆ ಆ ಮಾತು ಬಾಟಲಿ ಒಡೆಯುವ ಮೊದಲೇ ಇತ್ಯರ್ಥವಾಗುವುದು ಒಳ್ಳೆಯದಲ್ಲವೇ? ಇನ್ನೊಂದು ಮಾತು. ಕೆಟ್ಟ ಮಾಲಿನ ನಷ್ಟವೆಲ್ಲ ನಮ್ಮ ತಲೆಗೇಕೆ ಎಂದೂ ತಾವು ಕೇಳಬಹುದು. ಬಿಸಿಲಿಗಿಟ್ಟದ್ದು ಅಂಗಡಿಯವರ ತಪ್ಪೆಂದು ವಾದಿಸಿ ಗೆದ್ದರೆ ನೂರಿನ್ನೂರು ರೂಪಾಯಿ ಸಿಕ್ಕೀತು, ಕಪಾಟು ಹೋದೀತು. ಮನೆಯ ಮಾದರಿ ಬಾಟಲಿಯ ಉಪಯೋಗ ಜಗಳಕ್ಕಲ್ಲ, ಜಾಗ ಬದಲಾಯಿಸಿ ಎಂದು ಸ್ನೇಹದಿಂದ ತೋರಿಸಿ ಹೇಳುವುದಕ್ಕೆ.

ಇನ್ನು ಉಳಿದದ್ದು ಎಷ್ಟು ಅಂಗಡಿಗಳಿಗೆ ಬರೆಯಬೇಕು ಎಂಬ ಪ್ರಶ್ನೆ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕನ್‌ಸೈನ್‌ಮೆಂಟ್ ಎಂದರೆ ಅಂಗಡಿಕಾರರಿಗೆ ನಾವು ಕೊಡುವ ಸಾಲವೇ. ಎಂಟು ಅಂಗಡಿಗಳಿಗೆ ಹನ್ನೆರಡರಂತೆ 96 ಬಾಟಲಿ ಇಟ್ಟಿರೆಂದುಕೊಳ್ಳಿ. ಸಕ್ಕರೆ, ಬಾಟಲಿ, ಚೀಟಿ, ಕೂಲಿ ಸೇರಿ ಒಂದಕ್ಕೆ 105 ರೂಪಾಯಿ ಬಿದ್ದರೆ 10,080 ರೂಪಾಯಿ ಅಂಗಡಿಗಳಲ್ಲಿ ಕುಳಿತಿತು. ಇಡಲು, ಎಣಿಸಲು, ಕೊನೆಗೆ ತರಲು ಮೂರು ಸುತ್ತು ಓಡಾಟಕ್ಕೆ 400ರಂತೆ 1,200 ರೂಪಾಯಿ. ಒಟ್ಟು ಕೈಬಿಟ್ಟ ಹಣ 11,280.

ತಿಂಗಳ ಕೊನೆಗೆ ಮೂರು ಅಂಗಡಿಗಳಲ್ಲಿ ಎಲ್ಲ 36 ಬಾಟಲಿಗಳೂ ಹೋದವು. ಎರಡರಲ್ಲಿ ಹತ್ತರಂತೆ 20 ಹೋದವು. ಉಳಿದ ಮೂರರಲ್ಲಿ ಸೇರಿ 5 ಮಾತ್ರ. ಒಟ್ಟು 61 ಬಾಟಲಿಗೆ 160ರಂತೆ 9,760 ರೂಪಾಯಿ ಬಂತು. ಹಿಂದೆ ಬಂದ 35ರಲ್ಲಿ 5 ಕೆಟ್ಟಿದ್ದವು, 30 ಚೆನ್ನಾಗಿವೆ. ಲಾಭ ನಷ್ಟದ ಲೆಕ್ಕ ಹಾಕಿದರೆ, ಮಾರಿದ 61ರ ಖರ್ಚು 6,405, ಕೆಟ್ಟದ್ದರ ಖರ್ಚು 525, ಓಡಾಟ 1,200, ಸೇರಿ 8,130. ಇದನ್ನು 9,760ರಲ್ಲಿ ಕಳೆದರೆ 1,630 ರೂಪಾಯಿ ಲಾಭ. ಆದರೆ ಕೈಯಲ್ಲಿರುವ ಹಣವನ್ನು ನೋಡಿದರೆ ಹೊರಗೆ ಹೋದದ್ದು 11,280, ಒಳಗೆ ಬಂದದ್ದು 9,760. ಇನ್ನೂ 1,520 ರೂಪಾಯಿ ಕಡಿಮೆಯೇ. ಲಾಭವೆಲ್ಲ ಮನೆಗೆ ಮರಳಿದ 30 ಬಾಟಲಿಗಳೊಳಗೆ ಇದೆ. ಅವುಗಳು ಮಾರಿದರೆ ಮಾತ್ರ ಅದು ಲಾಭ.

ಇದೇ ಮನೆಯವರು ಉತ್ಸಾಹದಿಂದ ನಲವತ್ತು ಅಂಗಡಿಗಳಿಗೆ ಬರೆದು 480 ಬಾಟಲಿ ಇಟ್ಟಿದ್ದರೆ 50,400 ರೂಪಾಯಿ ಹೊರಗೆ ಕೂರುತ್ತಿತ್ತು. ಬ್ರಹ್ಮಾವರದಿಂದ ಬೈಂದೂರಿನ ತನಕ ನಲವತ್ತು ಕಡೆ ಹದಿನೈದು ದಿನಕ್ಕೊಮ್ಮೆ ಎಣಿಸಲು ಹೋಗುವುದು ತೋಟದ ಕೆಲಸವಿರುವ ಮನೆಗೆ ಸಾಧ್ಯವಿಲ್ಲ. ಎಣಿಸಲು ಹೋಗದಿದ್ದರೆ ಕರಾರು ಅಲ್ಲಿಗೆ ಸತ್ತಂತೆಯೇ. ಆದ್ದರಿಂದ ಒಂದೇ ದಿನದಲ್ಲಿ ಸುತ್ತಿ ಬರಲಾಗುವಷ್ಟು ಅಂಗಡಿಗಳಿಗೆ, ಪೂರ್ತಿ ಮುಳುಗಿದರೂ ಮನೆ ತಡೆದುಕೊಳ್ಳುವಷ್ಟು ಮಾಲನ್ನು ಮಾತ್ರ ಇಡಬೇಕು. ಅಂಗಡಿಗಳೂ ಒಂದೇ ಬಗೆಯವು ಆಗಬಾರದು. ಕೊಲ್ಲೂರಿನಲ್ಲಿ ಯಾತ್ರಿಕರು ಬರುವ ಒಂದು ಅಂಗಡಿ, ಮರವಂತೆಯ ಹೆದ್ದಾರಿ ಬದಿಯ ಒಂದು, ಕುಂದಾಪುರ ಪೇಟೆಯ ದಿನಸಿ ಅಂಗಡಿ ಎರಡು, ಬೈಂದೂರಿನ ಒಂದು ತಂಪು ಪಾನೀಯದ ಅಂಗಡಿ, ಹೀಗೆ ಹಂಚಿಟ್ಟರೆ ನಮ್ಮ ಗಿರಾಕಿ ಯಾರು ಎಂಬುದು ಒಂದು ತಿಂಗಳಲ್ಲಿಯೇ ತಿಳಿಯುತ್ತದೆ.

ಮೇಲಿನ ಲೆಕ್ಕದಲ್ಲಿ ನಿಜವಾಗಿ ಸಿಕ್ಕಿದ ಬೆಲೆಯುಳ್ಳ ವಸ್ತು 1,630 ರೂಪಾಯಿಯಲ್ಲ, ಎಂಟು ಅಂಗಡಿಗಳ ಎಣಿಕೆಯ ಪಟ್ಟಿ. ಐದೇ ಬಾಟಲಿ ಮಾರಿದ ಆ ಮೂರು ಅಂಗಡಿಗಳಿಂದ ಮಾಲನ್ನು ಸಂಕೋಚವಿಲ್ಲದೆ ಹಿಂದಕ್ಕೆ ತರಬೇಕು. ಪತ್ರದಲ್ಲಿ ಮಾರ್ಚ್ 2 ಎಂದು ಬರೆದಿರುವುದರಿಂದ ಯಾರಿಗೂ ಬೇಸರವಾಗುವುದಿಲ್ಲ. ಎಲ್ಲವನ್ನೂ ಮಾರಿದ ಮೂರು ಅಂಗಡಿಗಳಿಗೆ ಎರಡನೇ ಪತ್ರ ಬರೆಯಬೇಕು, ಅದರ ಧಾಟಿ ಬೇರೆ. "ಈ ಸಲ 24 ಬಾಟಲಿ ಕೊಡುತ್ತೇವೆ, ಅರ್ಧಕ್ಕೆ ಈಗಲೇ ಹಣ, ಅರ್ಧಕ್ಕೆ ಮಾರಿದ ಮೇಲೆ. ಹಣ ಕೊಟ್ಟು ಕೊಂಡ ಬಾಟಲಿಗೆ ತಮ್ಮ ಪಾಲು 40ರ ಬದಲು 45 ರೂಪಾಯಿ" ಎಂದು ಕೇಳಬಹುದು. ತಮ್ಮ ಕಪಾಟಿನಿಂದ ಮಾಲು ಹೋದದ್ದನ್ನು ಕಣ್ಣಾರೆ ಕಂಡ ಅಂಗಡಿಕಾರರು ಇದನ್ನು ಕನಿಷ್ಠ ಯೋಚಿಸಿಯಾದರೂ ನೋಡುತ್ತಾರೆ.

"ಮಾರಿದ ಮೇಲೆ ಹಣ" ಎಂಬುದು ಹೊಸ ಮಾಲು ಅಂಗಡಿಯ ಹೊಸ್ತಿಲು ದಾಟಲು ಇಟ್ಟ ಮೆಟ್ಟಿಲು. ಅದರ ಮೇಲೆಯೇ ವರ್ಷಗಟ್ಟಲೆ ಕೂರುವಂತಿಲ್ಲ. ಈ ಸಲ ಪುನರ್ಪುಳಿ ಒಣಗಿಸಿ ಇಟ್ಟವರು, ಹಲಸು, ತೆಂಗು, ಬಾಳೆಯಿಂದ ಏನಾದರೂ ತಯಾರಿಸುವ ಯೋಚನೆಯಲ್ಲಿರುವವರು ಬಾಟಲಿ, ಡಬ್ಬಿ ಕೊಳ್ಳುವ ಮೊದಲು ಈ ಒಂದು ಪುಟದ ಪತ್ರವನ್ನು ಬರೆದು ನೋಡಿ. ಬೆಲೆ, ಪಾಲು, ಎಣಿಕೆಯ ದಿನ, ನಷ್ಟ, ಗಡುವು ಈ ಐದರಲ್ಲಿ ಯಾವುದನ್ನು ತುಂಬಲು ಪೆನ್ನು ನಿಲ್ಲುತ್ತದೋ ಅಲ್ಲಿ ಲೆಕ್ಕ ಇನ್ನೂ ಆಗಿಲ್ಲವೆಂದು ತಿಳಿಯಿರಿ. ಅದನ್ನು ಮುಗಿಸಿಕೊಂಡೇ ಅಂಗಡಿಗೆ ಹೊರಡಿ.